ಬಸುರಿಯಲ್ಲಿ ವಸಡಿನಿಂದ ರಕ್ತ: ಹಲ್ಲಿನ ಡಾಕ್ಟರ ಹತ್ತಿರ ಹೋಗಬಹುದಾ, ಎಕ್ಸ್‌ರೇ ತೆಗೆಸಬಹುದಾ? ಕೊಡಗಿನ ಗರ್ಭಿಣಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲ್ಲಿನ ವೈದ್ಯ. ಕ್ಲಿನಿಕ್ಕಿಗೆ ಬರುವ ಗರ್ಭಿಣಿಯರು, ಅವರ ಜೊತೆ ಬರುವ ಅತ್ತೆ, ಅಮ್ಮ, ಗಂಡ, ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಫೋನಿನಲ್ಲಿ ಕೇಳಿ, ಉತ್ತರ ಸಿಕ್ಕಿದ ಮೇಲೂ ಬರುವುದೇ ಇಲ್ಲ. ಹೆರಿಗೆ ಆದ ಮೇಲೆ ಮುಖ ಊದಿಸಿಕೊಂಡು ಬರುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ಬಸುರಿಯಲ್ಲಿ ಇದು ಸಹಜ ಅಂತಾರೆ. ಸುಮ್ನೆ ಬಿಡಬಹುದಾ?

ತುಂಬಾ ಜನರಿಗೆ ಆಗುತ್ತದೆ ಅನ್ನುವುದು ನಿಜ. ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ವಸಡು ಊದಿಕೊಂಡು ರಕ್ತ ಬರುತ್ತದೆ. ಆದರೆ ತುಂಬಾ ಜನರಿಗೆ ಆಗುತ್ತದೆ ಅಂದ ಮಾತ್ರಕ್ಕೆ ಬಿಟ್ಟುಬಿಡಬೇಕು ಅಂತಲ್ಲ. ಇದು ಚಿಕಿತ್ಸೆ ಇರುವ ತೊಂದರೆ, ಅದೂ ಸುಲಭದ ಚಿಕಿತ್ಸೆ.

ಏನಾಗುತ್ತದೆ ಅಂದರೆ, ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಬಿಳಿಯ ಮೆತ್ತನೆ ಪದರ ಕೂರುತ್ತದೆ. ಉಗುರಿನಿಂದ ಕೆರೆದರೆ ಬರುತ್ತದಲ್ಲ, ಅದೇ. ಅದಕ್ಕೆ ಪ್ಲಾಕ್ ಅನ್ನುತ್ತಾರೆ. ಅದು ಪೂರ್ತಿ ಬ್ಯಾಕ್ಟೀರಿಯಾಗಳ ಗೂಡು. ಬೇರೆ ಸಮಯದಲ್ಲಿ ಅಷ್ಟೇ ಪ್ಲಾಕ್ ಇದ್ದರೆ ವಸಡು ಸ್ವಲ್ಪ ಕೆಂಪಾಗಿ ಸುಮ್ಮನಾಗುತ್ತದೆ. ಬಸುರಿಯಲ್ಲಿ ಪ್ರೊಜೆಸ್ಟರಾನ್, ಈಸ್ಟ್ರೋಜನ್ ಅನ್ನುವ ಹಾರ್ಮೋನುಗಳು ಬಹಳ ಏರಿರುತ್ತವೆ. ಅವು ವಸಡಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಆಗ ಅಷ್ಟೇ ಪ್ಲಾಕ್‌ಗೆ ವಸಡು ಎರಡು ಪಟ್ಟು ಸಿಟ್ಟು ತೋರಿಸುತ್ತದೆ. ಊದುತ್ತದೆ, ಹೊಳೆಯುತ್ತದೆ, ಮುಟ್ಟಿದರೆ ರಕ್ತ.

ಸಾಮಾನ್ಯವಾಗಿ ಎರಡನೇ ತಿಂಗಳ ಹೊತ್ತಿಗೆ ಶುರುವಾಗಿ, ಎಂಟನೇ ತಿಂಗಳವರೆಗೂ ಏರುತ್ತಾ ಹೋಗುತ್ತದೆ. ಹೆರಿಗೆ ಆದ ಮೇಲೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಹಾರ್ಮೋನನ್ನು ನಾವು ತೆಗೆಯಲು ಆಗುವುದಿಲ್ಲ, ಪ್ಲಾಕ್ ತೆಗೆಯಬಹುದು. ಪ್ಲಾಕ್ ಹೋದರೆ ಹಾರ್ಮೋನು ಎಷ್ಟೇ ಇರಲಿ, ರಕ್ತ ಬಹುಪಾಲು ನಿಲ್ಲುತ್ತದೆ.

ರಕ್ತ ನೋಡಿ ಹೆದರಿ ಬ್ರಶ್ ಬಿಟ್ಟಿದ್ದೇನೆ. ಬೆರಳಿನಲ್ಲಿ ಉಜ್ಜುತ್ತಿದ್ದೇನೆ. ಸರೀನಾ?

ಸರಿಯಲ್ಲ. ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲೇ. ರಕ್ತ ಬರುವ ಜಾಗದಲ್ಲೇ ಪ್ಲಾಕ್ ಜಾಸ್ತಿ ಇರುವುದು. ಆ ಜಾಗ ಬಿಟ್ಟು ಉಜ್ಜಿದರೆ ನಾಳೆ ಇನ್ನೂ ಜಾಸ್ತಿ ರಕ್ತ. ಬೆರಳು ಹಲ್ಲಿನ ಚಪ್ಪಟೆ ಭಾಗವನ್ನು ಉಜ್ಜುತ್ತದೆ, ವಸಡಿನ ಗೆರೆಯೊಳಗೆ ಹೋಗುವುದೇ ಇಲ್ಲ. ಇದ್ದಿಲು ಪುಡಿ, ಉಪ್ಪು ಪುಡಿ ಹಾಕಿ ಉಜ್ಜುವುದೂ ಬೇಡ, ಊದಿದ ವಸಡನ್ನು ಗೀರುತ್ತವೆ.

ಅಂಗಡಿಯಲ್ಲಿ ‘ಸಾಫ್ಟ್’ ಅಂತ ಇರುವ ಬ್ರಶ್ ಕೇಳಿ. ಎಳೆಗಳ ತುದಿ ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಬರುವ ಹಾಗೆ ಓರೆಯಾಗಿ ಇಟ್ಟು, ಜಾಗ ಬಿಡದೆ ಸಣ್ಣಗೆ ಅಲ್ಲಾಡಿಸಿ. ತಿಕ್ಕಬೇಡಿ. ಎರಡು ಮೂರು ಹಲ್ಲು ಆದ ಮೇಲೆ ಮುಂದಕ್ಕೆ. ಒಳಬದಿಯನ್ನೂ ಬಿಡಬಾರದು, ಅದರಲ್ಲೂ ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ. ಎಲ್ಲ ಸೇರಿ ಎರಡು ನಿಮಿಷ ಬೇಕು, ದಿನಕ್ಕೆ ಎರಡು ಸಲ. ಫ್ಲೋರೈಡ್ ಇರುವ ಪೇಸ್ಟು ಬಸುರಿಯಲ್ಲಿ ಧಾರಾಳವಾಗಿ ಬಳಸಬಹುದು.

ಮೊದಲ ಮೂರು ನಾಲ್ಕು ದಿನ ರಕ್ತ ಬಂದೇ ಬರುತ್ತದೆ. ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಅಷ್ಟಾದರೂ ಕಡಿಮೆ ಆಗದಿದ್ದರೆ ಪ್ಲಾಕ್ ಆಗಲೇ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂತ ಅರ್ಥ. ಅದು ಬ್ರಶ್ಶಿಗೆ ಬರುವುದಿಲ್ಲ, ಡಾಕ್ಟರೇ ತೆಗೆಯಬೇಕು.

ಬೆಳಿಗ್ಗೆ ಬ್ರಶ್ ಬಾಯಿಗೆ ಹೋದರೆ ವಾಂತಿ ಬರುತ್ತೆ. ಏನು ಮಾಡಲಿ?

ಚಿಕ್ಕ ತಲೆಯ ಬ್ರಶ್ ತೆಗೆದುಕೊಳ್ಳಿ, ಮಕ್ಕಳದ್ದಾದರೂ ಪರವಾಗಿಲ್ಲ. ಪೇಸ್ಟಿನ ವಾಸನೆ ಆಗದಿದ್ದರೆ ಬೇರೆ ರುಚಿಯದ್ದು ನೋಡಿ. ಎದ್ದ ತಕ್ಷಣವೇ ಉಜ್ಜಬೇಕು ಅಂತ ಕಾನೂನೇನಿಲ್ಲ. ಹತ್ತು ಗಂಟೆಗೆ ಹೊಟ್ಟೆ ಸರಿಹೋದ ಮೇಲೆ ಉಜ್ಜಿ.

ವಾಂತಿ ಆದ ಮೇಲೆ ಮಾತ್ರ ತಕ್ಷಣ ಬ್ರಶ್ ಮಾಡಬೇಡಿ. ಹೊಟ್ಟೆಯ ಹುಳಿಯಿಂದ ಹಲ್ಲಿನ ಮೇಲ್ಪದರ ಆಗ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಉಗಿಯಿರಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ. ಓಕರಿಕೆಗೆ ಅಂತ ಕಿತ್ತಳೆ, ಮಾವಿನಕಾಯಿ ಚೂರು ಬಾಯಲ್ಲಿ ಇಟ್ಟುಕೊಂಡೇ ಇರುವವರಿದ್ದಾರೆ. ತಿನ್ನಿ, ಆದರೆ ತಿಂದು ಮುಗಿಸಿ. ಇಡೀ ದಿನ ಚೀಪಿದರೆ ಹಲ್ಲು ಜುಮ್ಮೆನ್ನಲು ಶುರುವಾಗುತ್ತದೆ.

ಎರಡು ಹಲ್ಲಿನ ನಡುವೆ ಕೆಂಪು ಗಂಟು ಬೆಳೆದಿದೆ. ಕ್ಯಾನ್ಸರಾ?

ಬಸುರಿಯಲ್ಲಿ ಹೀಗೆ ಬೆಳೆಯುವ ಗಂಟು ಬಹುತೇಕ ಯಾವಾಗಲೂ ಕ್ಯಾನ್ಸರ್ ಅಲ್ಲ. ಮೇಲಿನ ಮುಂದಿನ ಹಲ್ಲುಗಳ ನಡುವೆ ಜಾಸ್ತಿ ಕಾಣುತ್ತದೆ. ಕಾಫಿ ಹಣ್ಣಿನ ಹಾಗೆ ಕೆಂಪಗೆ, ಉಂಡೆಯಾಗಿ ಇರುತ್ತದೆ, ಮುಟ್ಟಿದರೆ ಧಾರಾಳ ರಕ್ತ. ಇದೂ ವಸಡಿನ ಅತಿಯಾದ ಪ್ರತಿಕ್ರಿಯೆಯೇ. ಸುತ್ತಲಿನ ಪ್ಲಾಕ್ ತೆಗೆದು ಕಾದರೆ ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಊಟಕ್ಕೆ ಅಡ್ಡ ಬರುತ್ತಿದ್ದರೆ, ರಕ್ತ ನಿಲ್ಲದಿದ್ದರೆ ಮಾತ್ರ ಬಸುರಿಯಲ್ಲೇ ತೆಗೆಯುತ್ತಾರೆ. ಆಗ ತೆಗೆದರೆ ಮತ್ತೆ ಬರುವ ಸಾಧ್ಯತೆಯೂ ಇದೆ. ಡಾಕ್ಟರಿಗೆ ಒಮ್ಮೆ ತೋರಿಸಿ. ದಾರ ಕಟ್ಟುವುದು, ಉಗುರಿನಲ್ಲಿ ಚಿವುಟುವುದು ಬೇಡವೇ ಬೇಡ.

ವಸಡಿನ ರಕ್ತ ಯಾವಾಗ ಹಲ್ಲಿನ ತೊಂದರೆ ಅಲ್ಲ?

ಕೊಡಗಿನಲ್ಲಿ ಮಳೆಗಾಲ ಇರುವುದರಿಂದ ಇದನ್ನು ಒತ್ತಿ ಹೇಳಬೇಕು. ಉಜ್ಜಿದಾಗ, ಗಟ್ಟಿ ಪದಾರ್ಥ ಕಚ್ಚಿದಾಗ ರಕ್ತ ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಅದು ವಸಡಿನದ್ದೇ ತೊಂದರೆ. ಆದರೆ ಜ್ವರ, ಮೈಕೈ ನೋವಿನ ಜೊತೆ ಏನೂ ಮುಟ್ಟದೆ ವಸಡಿನಿಂದ ರಕ್ತ ಜಿನುಗಿದರೆ, ಮೂಗಿನಿಂದಲೂ ಬಂದರೆ, ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕಿ ಎದ್ದರೆ, ಅದು ಡೆಂಗಿ ಇರಬಹುದು. ಹಲ್ಲಿನ ಕ್ಲಿನಿಕ್ ಅಲ್ಲ, ಆಸ್ಪತ್ರೆಗೆ ಹೋಗಿ ಪ್ಲೇಟ್‌ಲೆಟ್ ಎಣಿಸಬೇಕು, ಅವತ್ತೇ.

ಹಾಗೆಯೇ ಕೊನೆಯ ತಿಂಗಳುಗಳಲ್ಲಿ ಬಿಪಿ ಏರಿ, ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ ನೋವು, ಇವುಗಳ ಜೊತೆ ರಕ್ತ ಬಂದರೂ ನೇರ ಹೆರಿಗೆ ಆಸ್ಪತ್ರೆಗೆ. ಹೆಪಾರಿನ್ ಚುಚ್ಚುಮದ್ದು ಅಥವಾ ಕಡಿಮೆ ಡೋಸಿನ ಆಸ್ಪಿರಿನ್ ಮಾತ್ರೆ ನಡೆಯುತ್ತಿದ್ದರೆ ವಸಡಿನ ರಕ್ತ ಸ್ವಲ್ಪ ಜಾಸ್ತಿ ಕಾಣಬಹುದು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಹಲ್ಲಿನ ಡಾಕ್ಟರಿಗೆ ಹೇಳಿ ಸಾಕು.

ಮಗು ಹಲ್ಲಿನ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ, ಒಂದೊಂದು ಹೆರಿಗೆಗೆ ಒಂದೊಂದು ಹಲ್ಲು ಹೋಗುತ್ತದೆ ಅಂತ ಅಜ್ಜಿ ಹೇಳ್ತಾರೆ.

ಅಜ್ಜಿಯ ಕಾಲದಲ್ಲಿ ಹಲ್ಲು ಹೋಗುತ್ತಿದ್ದದ್ದು ನಿಜ. ಕಾರಣ ಮಾತ್ರ ಬೇರೆ. ಮಗುವಿಗೆ ಕ್ಯಾಲ್ಸಿಯಂ ತಾಯಿಯ ಊಟದಿಂದ ಹೋಗುತ್ತದೆ, ಸಾಲದಿದ್ದರೆ ಮೂಳೆಯಿಂದ. ಹಲ್ಲಿನಿಂದ ಅಲ್ಲ. ಹುಟ್ಟಿದ ಹಲ್ಲಿನ ಕ್ಯಾಲ್ಸಿಯಂ ರಕ್ತಕ್ಕೆ ವಾಪಸ್ ಹೋಗುವ ದಾರಿಯೇ ಇಲ್ಲ. ಹಲ್ಲು ಹೋಗುವುದು ವಾಂತಿಯ ಹುಳಿಯಿಂದ, ಮೇಲಿಂದ ಮೇಲೆ ಸಿಹಿ ತಿನ್ನುವುದರಿಂದ, ಉಜ್ಜದೆ ಬಿಡುವುದರಿಂದ, ಮತ್ತು ‘ಹೆರಿಗೆ ಆಗಲಿ ಆಮೇಲೆ ನೋಡೋಣ’ ಅನ್ನುವುದರಿಂದ. ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ, ಅದು ಬೇಕು. ಆದರೆ ಅದರಿಂದ ವಸಡಿನ ರಕ್ತ ನಿಲ್ಲುವುದಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ. ಬಸುರಿಯಲ್ಲಿ ಬೇರೆ ಮಾಡಿಸಬೇಕಾ?

ಕಲ್ಲಿನಂಥ ಪದರ ವರ್ಷಗಟ್ಟಲೆ ಹಲ್ಲುಗಳ ನಡುವೆ ಗಾರೆ ಹಾಗೆ ಕೂತಿರುತ್ತದೆ. ಅದನ್ನು ತೆಗೆದಾಗ ಸಂದು ಕಾಣುತ್ತದೆ, ನಾಲಗೆಗೆ ಹೊಸದು ಅನ್ನಿಸುತ್ತದೆ. ಹಲ್ಲು ಮೊದಲೇ ಅಲ್ಲಾಡುತ್ತಿದ್ದರೆ ಆಗ ಗೊತ್ತಾಗುತ್ತದೆ. ಕ್ಲೀನಿಂಗ್ ಹಲ್ಲನ್ನು ಸಡಿಲ ಮಾಡುವುದಿಲ್ಲ. ಬಿಟ್ಟರೆ ಸಡಿಲ ಮಾಡುವುದು ಆ ಪದರವೇ.

ಬಸುರಿಯಲ್ಲಿ ಇದು ಸುರಕ್ಷಿತ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಸುರಿಯಲ್ಲೇ ವಸಡಿನ ಆಳದವರೆಗೆ ಕ್ಲೀನಿಂಗ್ ಮಾಡಿದರು, ಇನ್ನೊಂದು ಗುಂಪಿಗೆ ಹೆರಿಗೆ ಆದ ಮೇಲೆ. ಫಲಿತಾಂಶ 2006ರಲ್ಲಿ ಬಂತು. ಕ್ಲೀನಿಂಗ್‌ನಿಂದ ತಾಯಿಗಾಗಲಿ ಮಗುವಿಗಾಗಲಿ ಹಾನಿ ಕಾಣಲಿಲ್ಲ. ವಸಡು ಸುಧಾರಿಸಿತು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು, ಅದನ್ನು ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ವಸಡಿನ ರೋಗ ಇದ್ದರೆ ಮಗು ತಿಂಗಳು ತುಂಬುವ ಮುಂಚೆ ಹುಟ್ಟುತ್ತದಂತೆ, ನಿಜವಾ?

ವಸಡಿನ ರೋಗ ಜೋರಾಗಿ ಇರುವ ತಾಯಂದಿರಲ್ಲಿ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು ಸ್ವಲ್ಪ ಜಾಸ್ತಿ ಕಾಣುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಮೇಲೆ ಹೇಳಿದ ಅಧ್ಯಯನದಲ್ಲಿ ಬಸುರಿಯಲ್ಲಿ ಕ್ಲೀನಿಂಗ್ ಮಾಡಿದ್ದರಿಂದ ಬೇಗ ಹುಟ್ಟುವ ಮಕ್ಕಳ ಪ್ರಮಾಣ ಕಡಿಮೆಯಾಗಲಿಲ್ಲ. ಹಾಗಾಗಿ ‘ಕ್ಲೀನಿಂಗ್ ಮಾಡಿಸಿ, ಇಲ್ಲದಿದ್ದರೆ ಮಗು ಬೇಗ ಹುಟ್ಟುತ್ತೆ’ ಅಂತ ಹೆದರಿಸುವುದು ತಪ್ಪು. ನಿಮ್ಮ ವಸಡಿಗಾಗಿ, ನಿಮ್ಮ ಹಲ್ಲಿಗಾಗಿ ಮಾಡಿಸಿ. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ಇನ್ನೊಂದು ಕಾರಣ ಇದೆ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನಲ್ಲಿ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಎಷ್ಟನೇ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ನೋವು, ಕೀವು, ಊತ ಇದ್ದರೆ ತಿಂಗಳು ನೋಡಬೇಡಿ, ಇವತ್ತೇ ಹೋಗಿ. ತುರ್ತು ಇಲ್ಲದ ಕೆಲಸಕ್ಕೆ 14ರಿಂದ 20 ವಾರದ ನಡುವೆ, ಅಂದರೆ ನಾಲ್ಕು ಐದನೇ ತಿಂಗಳಲ್ಲಿ, ಕೂರಲು ಹಿತ. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಮೊದಲ ಮೂರು ತಿಂಗಳು ಮಾಡಲೇಬಾರದು ಅಂತಲ್ಲ. ಆ ಸಮಯದಲ್ಲಿ ಗರ್ಭ ನಿಲ್ಲದೆ ಹೋಗುವುದು ಹೇಗೂ ಜಾಸ್ತಿ, ಆಮೇಲೆ ಹಲ್ಲಿನ ಚಿಕಿತ್ಸೆಯ ಮೇಲೆ ಅಪವಾದ ಬರುತ್ತದೆ. ಬೇಡದ ಕೆಲಸವನ್ನು ಮುಂದಕ್ಕೆ ಹಾಕುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ನಮ್ಮಲ್ಲಿ ತಿಂಗಳ ಲೆಕ್ಕದ ಜೊತೆ ಮಳೆಯ ಲೆಕ್ಕವನ್ನೂ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ರಸ್ತೆ ಬಂದ್ ಆಗುತ್ತದೆ, ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ತೋಟದ ಲೈನ್ ಮನೆಯಿಂದ ಪೇಟೆಗೆ ಬರುವುದೇ ಸಾಹಸ. ನಿಮ್ಮ 14ನೇ ವಾರ ಯಾವಾಗ ಬರುತ್ತದೆ ಅಂತ ತಾಯಿ ಕಾರ್ಡ್ ನೋಡಿ ಮೊದಲೇ ಲೆಕ್ಕ ಹಾಕಿಡಿ. ಏಳನೇ ತಿಂಗಳಲ್ಲಿ ತವರಿಗೆ ಹೋಗುವ ಪದ್ಧತಿ ಇದ್ದರೆ ಅದಕ್ಕೂ ಮುಂಚೆ ಮುಗಿಸಿ. ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಇಟ್ಟುಕೊಂಡು ಊರು ಬದಲಿಸುವುದು ಕಷ್ಟ.

ಎಕ್ಸ್‌ರೇ ತೆಗೆದರೆ ಮಗುವಿಗೆ ಏನೂ ಆಗುವುದಿಲ್ಲವಾ?

ಹಲ್ಲಿನ ಒಂದು ಚಿಕ್ಕ ಎಕ್ಸ್‌ರೇಯಿಂದ ಮಗುವಿಗೆ ತೊಂದರೆ ಆಗುವಷ್ಟು ವಿಕಿರಣ ಹೋಗುವುದಿಲ್ಲ. ಬರೀ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ನನಗೂ ಗೊತ್ತು. ಲೆಕ್ಕ ಹೇಳುತ್ತೇನೆ.

ಎಕ್ಸ್‌ರೇ ಕಿರಣ ಚಿಕ್ಕ ಕೊಳವೆಯಿಂದ ಬರುತ್ತದೆ. ಅದನ್ನು ಕೆನ್ನೆಯ ಮೇಲೆ, ಆ ಒಂದು ಹಲ್ಲಿನ ಕಡೆಗೆ ಗುರಿ ಇಡುತ್ತಾರೆ. ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಹೊಟ್ಟೆ ಅಲ್ಲಿಂದ ದೂರ ಇದೆ, ಕಿರಣದ ದಾರಿಯಲ್ಲೇ ಇಲ್ಲ. ಮಗುವಿಗೆ ತಲುಪಬಹುದಾದದ್ದು ಮೈಯೊಳಗೆ ಚದುರಿ ಬರುವ ಅಲ್ಪಸ್ವಲ್ಪ ಮಾತ್ರ. ವಿಕಿರಣವನ್ನು ಅಳೆಯುವ ಒಂದು ಅಳತೆ ಮಿಲಿಗ್ರೇ. ಹಲ್ಲಿನ ಎಕ್ಸ್‌ರೇಯಲ್ಲಿ ಮಗುವಿಗೆ ತಲುಪುವುದು ಒಂದು ಮಿಲಿಗ್ರೇಯ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಮಗುವಿನ ಬೆಳವಣಿಗೆಗೆ ಅಪಾಯ ಕಂಡುಬರುವುದು ಸುಮಾರು 50 ಮಿಲಿಗ್ರೇ ದಾಟಿದ ಮೇಲೆ. ಎರಡರ ನಡುವೆ ಕನಿಷ್ಠ ಐದು ಸಾವಿರ ಪಟ್ಟು ಅಂತರ ಇದೆ.

ತಾಯಿಯ ಮೈಗೆ ಬೀಳುವುದೂ ಅಷ್ಟೇ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ಎಲ್ಲರ ಮೇಲೂ ದಿನಾ ಸ್ವಲ್ಪ ವಿಕಿರಣ ಬೀಳುತ್ತಲೇ ಇರುತ್ತದೆ. ಒಂದು ಹಲ್ಲಿನ ಎಕ್ಸ್‌ರೇ ಹೆಚ್ಚು ಕಡಿಮೆ ಅದರ ಒಂದು ದಿನದ ಪಾಲಿಗೆ ಸಮ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2013ರಲ್ಲೇ ಬಸುರಿಯಲ್ಲಿ ಹಲ್ಲಿನ ಎಕ್ಸ್‌ರೇ ಸುರಕ್ಷಿತ ಅಂತ ಬರೆದು ಕೊಟ್ಟಿದೆ.

ಹಾಗಂತ ಎಲ್ಲರಿಗೂ ಎಕ್ಸ್‌ರೇ ಬೇಕಿಲ್ಲ. ಬರೀ ವಸಡಿನಿಂದ ರಕ್ತ ಬರುತ್ತಿದ್ದರೆ ಸಾಮಾನ್ಯವಾಗಿ ಕಣ್ಣಲ್ಲಿ ನೋಡಿ, ಕಡ್ಡಿಯಲ್ಲಿ ಅಳೆದು ತಿಳಿಯಬಹುದು. ಹಲ್ಲಿನ ನರದವರೆಗೆ ಹುಳುಕು ಹೋಗಿದೆಯಾ, ಬೇರಿನ ತುದಿಯಲ್ಲಿ ಕೀವು ಇದೆಯಾ ಅಂತ ನೋಡಬೇಕಾದಾಗ ಎಕ್ಸ್‌ರೇ ಇಲ್ಲದೆ ಆಗುವುದಿಲ್ಲ. ಅದಿಲ್ಲದೆ ಅಂದಾಜಿನ ಮೇಲೆ ಮಾತ್ರೆ ಕೊಟ್ಟು ಕಳಿಸಿದರೆ, ತಿಂಗಳು ಕಳೆದು ಕೀವು ಜಾಸ್ತಿಯಾಗಿ ಬರುತ್ತದೆ. ಆಗ ತೆಗೆದುಕೊಳ್ಳಬೇಕಾಗುವ ಔಷಧಿ ಎಕ್ಸ್‌ರೇಗಿಂತ ದೊಡ್ಡ ವಿಷಯ. ವರ್ಷಕ್ಕೊಮ್ಮೆ ಸುಮ್ಮನೆ ನೋಡಲು, ಕ್ಲಿಪ್ ಹಾಕಿಸಲು, ಇಂಪ್ಲಾಂಟ್ ಲೆಕ್ಕಕ್ಕೆ ಅಂತ ಇಡೀ ದವಡೆಯ ದೊಡ್ಡ ಎಕ್ಸ್‌ರೇ, ಸ್ಕ್ಯಾನ್ ಹೇಳಿದರೆ ಅದನ್ನು ಹೆರಿಗೆ ಆದ ಮೇಲೆ ಇಟ್ಟುಕೊಳ್ಳಿ.

ಸೀಸದ ಏಪ್ರನ್ ಹಾಕಲಿಲ್ಲ. ಭಯ ಆಗ್ತಿದೆ.

ಭಯ ಬೇಡ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ, ಈಗಿನ ಯಂತ್ರಗಳಿಗೆ ಏಪ್ರನ್ ಬೇಕಾಗಿಲ್ಲ ಅಂತಲೇ ಹೇಳಿದೆ, ಗರ್ಭಿಣಿಯರಿಗೂ ಸೇರಿಸಿ. ನಮ್ಮಲ್ಲಿ ಹೆಚ್ಚಿನ ಕಡೆ ಈಗಲೂ ಹಾಕುತ್ತಾರೆ. ಹಾಕಿದರೆ ನಿಮಗೆ ಧೈರ್ಯ ಬರುವುದಾದರೆ ಕೇಳಿ ಹಾಕಿಸಿಕೊಳ್ಳಿ.

ಬಸುರಿ ಅಂತ ಗೊತ್ತಾಗುವ ಮುಂಚೆಯೇ ಹಲ್ಲಿನ ಎಕ್ಸ್‌ರೇ ಆಗಿಹೋಗಿದೆ.

ಮೇಲಿನ ಲೆಕ್ಕವೇ ಇದಕ್ಕೂ. ಗರ್ಭ ತೆಗೆಸುವ ಮಾತು ಯಾರಾದರೂ ಆಡಿದರೆ ಕೇಳಬೇಡಿ. ನಿಮ್ಮ ಹೆರಿಗೆ ಡಾಕ್ಟರಿಗೆ ಒಮ್ಮೆ ತಿಳಿಸಿ, ಅಷ್ಟೇ.

ಇಂಜೆಕ್ಷನ್ ಕೊಟ್ಟು ಹಲ್ಲು ತೆಗೆಯಬಹುದಾ?

ಕೊಡಬಹುದು, ತೆಗೆಯಲೂ ಬಹುದು. ಮರಗಟ್ಟಿಸಲು ಕೊಡುವುದು ಲಿಗ್ನೋಕೇನ್. ಅದರಲ್ಲಿ ಸ್ವಲ್ಪ ಅಡ್ರಿನಲಿನ್ ಇರುತ್ತದೆ, ಮದ್ದು ಆ ಜಾಗದಲ್ಲೇ ನಿಲ್ಲಲಿ ಅಂತ. ಇಸ್ರೇಲಿನಲ್ಲಿ ಬಸುರಿಯಲ್ಲಿ ಹಲ್ಲಿನ ಚಿಕಿತ್ಸೆಗೆ ಇಂಥ ಇಂಜೆಕ್ಷನ್ ತೆಗೆದುಕೊಂಡ 210 ಮಹಿಳೆಯರನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿ 2015ರಲ್ಲಿ ವರದಿ ಬಂತು. ಮಕ್ಕಳಲ್ಲಿ ಹುಟ್ಟು ದೋಷ ಜಾಸ್ತಿ ಕಾಣಲಿಲ್ಲ. ಇಂಜೆಕ್ಷನ್ ಬೇಡ ಅಂತ ನೋವು ತಡೆದುಕೊಂಡು ಕೂತರೆ ನಿಮ್ಮ ಮೈಯೇ ಅದಕ್ಕಿಂತ ಜಾಸ್ತಿ ಅಡ್ರಿನಲಿನ್ ಸುರಿಸುತ್ತದೆ. ಬಿಪಿ ಜಾಸ್ತಿ ಇರುವವರು ಮಾತ್ರ ಮೊದಲೇ ಹೇಳಬೇಕು.

ಹುಳುಕು ತುಂಬಲು ಬೆಳ್ಳಿ ಬಣ್ಣದ, ಪಾದರಸ ಇರುವ ಸಿಮೆಂಟ್ ಬೇಡ ಅನ್ನಿ. ಹಳೆಯದು ಗಟ್ಟಿಯಾಗಿ ಕೂತಿದ್ದರೆ ಅದನ್ನು ಕೀಳಿಸಲೂ ಬೇಡಿ.

ಕುರ್ಚಿಯಲ್ಲಿ ಮಲಗಿದರೆ ತಲೆ ಸುತ್ತುತ್ತದೆ.

ಆರು ತಿಂಗಳಾದ ಮೇಲೆ ಅಂಗಾತ ಮಲಗಿದರೆ ಗರ್ಭದ ಭಾರ ಬೆನ್ನಿನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಬೆವರು, ವಾಕರಿಕೆ, ಕಣ್ಣು ಕತ್ತಲೆ. ಬಲ ಸೊಂಟದ ಕೆಳಗೆ ಒಂದು ಚಿಕ್ಕ ದಿಂಬು ಅಥವಾ ಮಡಚಿದ ಟವೆಲ್ ಇಟ್ಟು ಸ್ವಲ್ಪ ಎಡಕ್ಕೆ ವಾಲಿದರೆ ಸರಿಹೋಗುತ್ತದೆ. ಕುರ್ಚಿಯನ್ನು ಪೂರ್ತಿ ಚಪ್ಪಟೆ ಮಾಡಬೇಡಿ ಅಂತ ಹೇಳಿ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ಮೂತ್ರಕ್ಕೆ ಹೋಗಿ ಬಂದು ಕೂರಿ.

ಒಂದು ಉದಾಹರಣೆ ಹೇಳಿ. ಎಲ್ಲ ಹೇಗೆ ನಡೆಯುತ್ತದೆ?

ಸಿದ್ದಾಪುರದ ಕಡೆ ತೋಟದಲ್ಲಿ ಇರುವ ಒಬ್ಬರು ಅಂದುಕೊಳ್ಳಿ. ಮೊದಲ ಬಸುರಿ. ಕೊನೆಯ ಮುಟ್ಟು ಫೆಬ್ರವರಿ 10ಕ್ಕೆ. ಹೆರಿಗೆ ದಿನ ನವೆಂಬರ್ 17. ಏಪ್ರಿಲ್‌ನಿಂದ ಉಜ್ಜುವಾಗ ರಕ್ತ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ತಣ್ಣೀರು ತಾಗಿದರೆ ನೋವು, ಈಗ ರಾತ್ರಿಯೂ ನಿದ್ದೆ ಇಲ್ಲ. 14 ವಾರ ತುಂಬುವುದು ಮೇ 19ಕ್ಕೆ, 20 ವಾರ ಜೂನ್ 30ಕ್ಕೆ. ಮಳೆ ಜೋರಾಗುವುದರೊಳಗೆ ಸಿಗುವುದು ಮೂರು ನಾಲ್ಕು ವಾರ. ರಾತ್ರಿ ನೋವು ಶುರುವಾದ ಮೇಲೆ 14 ವಾರಕ್ಕೆ ಕಾಯಬೇಕಿರಲಿಲ್ಲ. ಆದರೂ ಇವರು ಬಂದದ್ದು ಮೇ 22ಕ್ಕೆ ಅಂತಿಟ್ಟುಕೊಳ್ಳೋಣ.

ಡಾಕ್ಟರು ಮೊದಲು ತಾಯಿ ಕಾರ್ಡ್ ನೋಡುತ್ತಾರೆ: ರಕ್ತದ ಪ್ರಮಾಣ, ಬಿಪಿ, ಸಕ್ಕರೆ, ನಡೆಯುತ್ತಿರುವ ಮಾತ್ರೆ. ಬಿಪಿಯನ್ನು ಅಲ್ಲೇ ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಮಿಲಿಮೀಟರ್ ಗೆರೆ ಇರುವ ಸಣ್ಣ ಕಡ್ಡಿಯಿಂದ ವಸಡು ಮತ್ತು ಹಲ್ಲಿನ ನಡುವಿನ ಸಂದನ್ನು ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ. ಇವರಿಗೆ ಕೆಲವು ಕಡೆ 4, ಒಂದೆರಡು ಕಡೆ 5, ಮುಟ್ಟಿದಲ್ಲೆಲ್ಲ ರಕ್ತ. ಇದು ನಿಜವಾದ ಆಳವೋ, ವಸಡು ಊದಿ ಮೇಲೆ ಬಂದಿರುವುದರಿಂದ ಕಾಣುವ ಆಳವೋ ಅಂತ ಹೇಳಲು ಆಗುವುದಿಲ್ಲ. ಹಲ್ಲು ಅಲ್ಲಾಡುತ್ತಿಲ್ಲ, ವಯಸ್ಸು ಚಿಕ್ಕದು, ಹಾಗಾಗಿ ಊತದ್ದೇ ಇರಬೇಕು ಅಂತ ಅಂದಾಜು.

ನೋಯುವ ಹಲ್ಲಿಗೆ ಒಂದು ಎಕ್ಸ್‌ರೇ. ಹುಳುಕು ನರಕ್ಕೆ ತಲುಪಿದೆ, ಸುತ್ತಲಿನ ಮೂಳೆ ಚೆನ್ನಾಗಿದೆ. ಅದೇ ದಿನ ಲಿಗ್ನೋಕೇನ್ ಕೊಟ್ಟು ಹಲ್ಲು ತೆರೆದು, ಕೆಟ್ಟ ನರ ತೆಗೆದು, ಮೇಲೆ ತಾತ್ಕಾಲಿಕ ಸಿಮೆಂಟ್. ನೋವು ಹೋಗುವುದು ಇದರಿಂದಲೇ. ಆಂಟಿಬಯೋಟಿಕ್ ಕೊಡಲಿಲ್ಲ, ಯಾಕಂದರೆ ಊತ ಇಲ್ಲ, ಜ್ವರ ಇಲ್ಲ. ನರದ ನೋವಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ.

ಒಂದು ವಾರ ಬಿಟ್ಟು ಕ್ಲೀನಿಂಗ್. ನೀರು ಚಿಮ್ಮುವ, ಕಂಪಿಸುವ ಯಂತ್ರದಿಂದ ಮೇಲೆ ಕೆಳಗೆ ಎರಡೂ ದವಡೆಗೆ ಮುಕ್ಕಾಲು ಗಂಟೆ. ಅವತ್ತು ಮರುದಿನ ಸ್ವಲ್ಪ ರಕ್ತ, ಜುಮ್ಮು. ಉಗುರುಬೆಚ್ಚಗಿನ ಲೋಟ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಮುಕ್ಕಳಿಸಲು ಹೇಳಿದರು. ಜೂನ್ ಮೊದಲ ವಾರದಲ್ಲಿ ರೂಟ್ ಕೆನಾಲ್ ಮುಗಿಸಿದರು. ಬೇರಿನ ಉದ್ದವನ್ನು ಚಿಕ್ಕ ಎಲೆಕ್ಟ್ರಾನಿಕ್ ಯಂತ್ರದಿಂದ ಅಳೆದದ್ದರಿಂದ ನಡುವಿನ ಎಕ್ಸ್‌ರೇ ಉಳಿಯಿತು, ಕೊನೆಗೆ ಒಂದು ತೆಗೆದರು. ಒಟ್ಟು ಎರಡು. ಅಂದರೆ ಮಗುವಿಗೆ ತಲುಪಿದ್ದು ಐವತ್ತು ಮಿಲಿಗ್ರೇಯ ಮುಂದೆ ಲೆಕ್ಕಕ್ಕೇ ಸಿಗದಷ್ಟು.

ಅವತ್ತೇ ವಸಡನ್ನು ಮತ್ತೆ ಅಳೆದರು. 4 ಇದ್ದಲ್ಲಿ 3, 5 ಇದ್ದ ಒಂದು ಕಡೆ ಮಾತ್ರ ಇನ್ನೂ 4. ಊತದ್ದೇ ಅನ್ನುವ ಅಂದಾಜು ಬಹುಪಾಲು ಸರಿ. ಹಲ್ಲಿನ ಮೇಲೆ ಕ್ಯಾಪ್ ಹಾಕುವುದು ಹೆರಿಗೆ ಆದ ಮೇಲೆ. ಅಲ್ಲಿಯವರೆಗೆ ಆ ಬದಿಯಲ್ಲಿ ಗಟ್ಟಿ ಪದಾರ್ಥ ಕಚ್ಚಬಾರದು, ಹಲ್ಲು ಸೀಳುತ್ತದೆ.

ಮಳೆಗಾಲದ ರಾತ್ರಿ, ರಸ್ತೆ ಬಂದ್. ಹಲ್ಲು ನೋಯುತ್ತಿದೆ. ಮನೆಯಲ್ಲಿ ಯಾವ ಮಾತ್ರೆ?

ಪ್ಯಾರಸಿಟಮಾಲ್ 500 ಮಿಲಿಗ್ರಾಂ ಒಂದು, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ‘ಹಲ್ಲು ನೋವಿನ ಮಾತ್ರೆ’ ಅಂತ ಕೇಳಿದರೆ ಹೆಚ್ಚಾಗಿ ಕೊಡುವುದು ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್ ಸೇರಿದ ಮಾತ್ರೆ. ಪ್ಯಾರಸಿಟಮಾಲ್ ಜೊತೆ ಬೆರೆಸಿದ್ದೂ ಇರುತ್ತದೆ, ಹಾಗಾಗಿ ಪಟ್ಟಿಯ ಹಿಂದೆ ಓದಿ. ಇವನ್ನು ಬಸುರಿಯಲ್ಲಿ ನೀವಾಗಿಯೇ ನುಂಗಬಾರದು. 20 ವಾರ ಆದ ಮೇಲಂತೂ ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಆಗಿ ಗರ್ಭದ ನೀರು ಕಡಿಮೆಯಾಗಬಹುದು, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಬೇಗ ಮುಚ್ಚಿಕೊಳ್ಳಬಹುದು. ಮನೆಯಲ್ಲಿ ಉಳಿದ ಡಾಕ್ಸಿಸೈಕ್ಲಿನ್ ಕೂಡ ಬೇಡ. ಅದು ಮಗುವಿನ ಹಲ್ಲಿನ ಬಣ್ಣವನ್ನೇ ಕೆಡಿಸುವ ಜಾತಿಯದು. ಕೀವು ಇದ್ದರೆ ಡಾಕ್ಟರು ಅಮಾಕ್ಸಿಸಿಲಿನ್ ಬರೆಯುತ್ತಾರೆ, ಅದು ಬಸುರಿಗೆ ಆಗುತ್ತದೆ.

ಲವಂಗದ ಎಣ್ಣೆ ಒಂದು ಹನಿಯನ್ನು ಹತ್ತಿಯಲ್ಲಿ ತೆಗೆದು ಹುಳುಕಿನ ಒಳಗೆ ಮಾತ್ರ ಇಡಿ, ವಸಡಿಗೆ ತಾಗಿದರೆ ಸುಡುತ್ತದೆ. ನೋವಿಗೆ ಹೊಗೆಸೊಪ್ಪು ಒತ್ತುವುದು ತೋಟದ ಕಡೆ ಈಗಲೂ ಇದೆ. ಅದು ಮಗುವಿನ ತೂಕಕ್ಕೆ ನೇರ ಹಾನಿ.

ಮುಖ ಊದಿ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಇಳಿಯುತ್ತಿದ್ದರೆ, ಬಾಯಿ ತೆರೆಯಲು, ನುಂಗಲು ಕಷ್ಟ ಆದರೆ, ಜೊತೆಗೆ ಜ್ವರ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕುತ್ತಿಗೆಗೆ ಇಳಿದ ಊತ ಉಸಿರು ಕಟ್ಟಿಸಬಹುದು.

ಕೊಡಗಿನಲ್ಲಿ ಎಲ್ಲಿಗೆ ಹೋಗಬೇಕು?

ವಿರಾಜಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್ ಇದೆ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಬಿಪಿ, ಸಕ್ಕರೆ, ರಕ್ತಹೀನತೆ ಇದ್ದವರಿಗೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅನುಕೂಲ, ಹೆರಿಗೆ ವಿಭಾಗವೂ ಒಂದೇ ಕಡೆ ಸಿಗುತ್ತದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅವತ್ತು ‘ವಸಡಿನಲ್ಲಿ ರಕ್ತ ಬರುತ್ತೆ’ ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಯಾರೂ ಬಾಯಿ ತೆರೆದು ನೋಡುವುದಿಲ್ಲ.

ಬಾಣಂತಿಯಲ್ಲಿ ಹಲ್ಲು ಉಜ್ಜಬಾರದು ಅಂತಾರೆ. ಹಾಲುಣಿಸುವಾಗ ಚಿಕಿತ್ಸೆ ಮಾಡಿಸಬಹುದಾ?

ಬ್ರಶ್ ಮಾಡಿದರೆ ಹಲ್ಲು ಸಡಿಲ ಆಗುವುದಿಲ್ಲ, ಶೀತವೂ ಆಗುವುದಿಲ್ಲ. ಬೇಕಾದರೆ ಬಿಸಿನೀರಲ್ಲಿ ಬಾಯಿ ತೊಳೆಯಿರಿ. ಹಾಲುಣಿಸುವಾಗ ಲಿಗ್ನೋಕೇನ್, ಎಕ್ಸ್‌ರೇ, ಪ್ಯಾರಸಿಟಮಾಲ್ ಎಲ್ಲವೂ ಆಗುತ್ತದೆ. ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ. ಆಗ ಐಬುಪ್ರೊಫೆನ್ ಕೂಡ ಕೊಡಬಹುದು. ಮಗುವಿಗೆ ಹಾಲು ಕೊಟ್ಟು, ಅಜ್ಜಿಯ ಕೈಗೆ ಒಪ್ಪಿಸಿ ಬಂದರೆ ಎರಡು ಗಂಟೆ ಸಿಗುತ್ತದೆ, ಕ್ಯಾಪ್ ಅಳತೆಗೆ ಅಷ್ಟು ಸಾಕು.

ಹೆರಿಗೆ ಆಗಿ ಮೂರು ತಿಂಗಳಾದರೂ ರಕ್ತ ನಿಲ್ಲದಿದ್ದರೆ ಅದಕ್ಕೆ ಹಾರ್ಮೋನನ್ನು ದೂರುವಂತಿಲ್ಲ. ಮತ್ತೆ ಸಂದು ಅಳೆಸಿ, ಮೂಳೆ ಕರಗಿದೆಯಾ ಅಂತ ನೋಡಲು ಆಗ ಎಕ್ಸ್‌ರೇ ತೆಗೆಸಿ.